ಮ್ಯೂಚುವಲ್ ಫಂಡ್ ತೂಗಲು ಬೀಟಾ ಸಾಲದು

ಬಿ.ಕಾಂ., ಎಂ.ಬಿ.ಎ. ತರಗತಿಗಳ ನೋಟ್ಸ್‌ಗಳಲ್ಲಿ, ಫಂಡ್ ವಿತರಕರ ಪರೀಕ್ಷೆಗೆ ತಯಾರಿ ಮಾಡಿಸುವ ಕೋಚಿಂಗ್‌ಗಳಲ್ಲಿ ಒಂದು ಮಾತು ಬಾಯಿಪಾಠವಾಗಿ ಹೋಗಿದೆ. ಬಿಡಿ ಷೇರನ್ನೋ ನಾಲ್ಕೈದು ಷೇರುಗಳ ಗಂಟನ್ನೋ ಅಳೆಯಬೇಕಾದರೆ ಶಾರ್ಪ್ ಅನುಪಾತ, ಮ್ಯೂಚುವಲ್ ಫಂಡನ್ನು ಅಳೆಯಬೇಕಾದರೆ ಟ್ರೇನರ್ ಅನುಪಾತ. ಅದಕ್ಕೆ ಕಾರಣವನ್ನೂ ಜೊತೆಗೇ ಹೇಳಿಕೊಡುತ್ತಾರೆ: ಫಂಡಿನ ಹಣ ಹತ್ತಾರು ಕಂಪನಿಗಳಲ್ಲಿ ಹಂಚಿಹೋಗಿರುತ್ತದೆ, ಒಂದೊಂದು ಕಂಪನಿಗೆ ಅಂಟಿದ ಅಪಾಯ ಅಲ್ಲಿ ಒಂದಕ್ಕೊಂದು ವಜಾ ಆಗುತ್ತದೆ, ಉಳಿಯುವುದು ಇಡೀ ಮಾರುಕಟ್ಟೆಯ ಅಪಾಯ ಮಾತ್ರ, ಆದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದದ್ದು ಬೀಟಾವನ್ನಷ್ಟೇ.

ಕೇಳುವುದಕ್ಕೆ ಇದು ಸರಿಯೆನಿಸುತ್ತದೆ. ಆದರೆ ಇದು ಕೇಳಬೇಕಾದವರನ್ನು ಬಿಟ್ಟು ಬೇರೆಯವರನ್ನು ಪ್ರಶ್ನಿಸುತ್ತದೆ. "ನಿನ್ನ ಬಳಿ ಎಷ್ಟು ಷೇರುಗಳಿವೆ?" ಎಂದು ಫಂಡನ್ನು ವಿಚಾರಿಸುತ್ತದೆ. ವಿಚಾರಿಸಬೇಕಾದದ್ದು ಯೂನಿಟ್ ಕೊಂಡವರನ್ನು: "ಈ ಫಂಡ್ ಬಿಟ್ಟರೆ ನಿಮ್ಮ ಹತ್ತಿರ ಇನ್ನೇನಿದೆ?" ಈ ಎರಡನೆಯ ಪ್ರಶ್ನೆಯನ್ನು ಕೇಳಿದರೆ, ನಮ್ಮ ಸುತ್ತಲಿನ ಸಾಮಾನ್ಯ ಹೂಡಿಕೆದಾರರಿಗೆ ಟ್ರೇನರ್ ಅನುಪಾತದಿಂದ ಆಗುವ ಉಪಕಾರ ಅತ್ಯಲ್ಪ, ಆಗಬಹುದಾದ ಹಾನಿ ದೊಡ್ಡದು ಎಂಬುದು ತಿಳಿಯುತ್ತದೆ.

ಎರಡು ಅನುಪಾತಗಳಲ್ಲೂ ಮೇಲಿರುವ ಅಂಕಿ ಒಂದೇ. ಫಂಡ್ ಗಳಿಸಿದ್ದರಲ್ಲಿ ಅಪಾಯವೇ ಇಲ್ಲದೆ ಸಿಗಬಹುದಾಗಿದ್ದ ಬಡ್ಡಿಯನ್ನು ಕಳೆದರೆ ಉಳಿಯುವ ಹೆಚ್ಚುವರಿ ಗಳಿಕೆ ಅದು. ನಮ್ಮ ಫ್ಯಾಕ್ಟ್‌ಶೀಟ್‌ಗಳಲ್ಲಿ ಆ ಬಡ್ಡಿಗೆ ಸಾಮಾನ್ಯವಾಗಿ ಓವರ್‌ನೈಟ್ ಮೈಬಾರ್ ದರವನ್ನು ಹಿಡಿಯುತ್ತಾರೆ. ವ್ಯತ್ಯಾಸವಿರುವುದು ಕೆಳಗಿನ ಅಂಕಿಯಲ್ಲಿ. ಶಾರ್ಪ್ ಅನುಪಾತ ಫಂಡಿನ ಒಟ್ಟು ಏರಿಳಿತದಿಂದ, ಎಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ ಭಾಗಿಸುತ್ತದೆ. ಟ್ರೇನರ್ ಅನುಪಾತ ಆ ಏರಿಳಿತದಲ್ಲಿ ಮಾರುಕಟ್ಟೆಯ ಜೊತೆಗೂಡಿ ಬರುವ ಪಾಲನ್ನಷ್ಟೇ ತೆಗೆದುಕೊಂಡು ಬೀಟಾದಿಂದ ಭಾಗಿಸುತ್ತದೆ. ಜಾಕ್ ಟ್ರೇನರ್ ತಮ್ಮ ಅಳತೆಯನ್ನು ಪ್ರಕಟಿಸಿದ್ದು 1965ರಲ್ಲಿ, ವಿಲಿಯಂ ಶಾರ್ಪ್ ಅದರ ಮರುವರ್ಷ. ಇಬ್ಬರ ಕಣ್ಣಮುಂದೆಯೂ ಇದ್ದದ್ದು ಅಮೆರಿಕದ ಮ್ಯೂಚುವಲ್ ಫಂಡ್‌ಗಳೇ.

ಎರಡಕ್ಕೂ ಇರುವ ಸಂಬಂಧವನ್ನು ತರಗತಿಯಲ್ಲಿ ಅಪರೂಪಕ್ಕೆ ಬರೆದು ತೋರಿಸುತ್ತಾರೆ. ಬರೆದರೆ ಎರಡೇ ಸಾಲು:

```
β = ρ × σp / σm
Treynor = Sharpe × σm / ρ
```

ಇಲ್ಲಿ σp ಫಂಡಿನ ಏರಿಳಿತ, σm ಮಾರುಕಟ್ಟೆಯ ಏರಿಳಿತ, ρ ಎಂಬುದು ಫಂಡೂ ಮಾರುಕಟ್ಟೆಯೂ ಎಷ್ಟರ ಮಟ್ಟಿಗೆ ಜೊತೆಜೊತೆಗೆ ಏರಿಳಿಯುತ್ತವೆ ಎಂಬುದನ್ನು ಹೇಳುವ ಸಹಸಂಬಂಧ. ಒಂದೇ ಅವಧಿಯಲ್ಲಿ, ಒಂದೇ ಸೂಚ್ಯಂಕದ ಎದುರು ಹತ್ತು ಫಂಡ್‌ಗಳನ್ನು ಹೋಲಿಸುವಾಗ σm ಎಲ್ಲಕ್ಕೂ ಒಂದೇ. ಹಾಗಾಗಿ ಎರಡು ಅನುಪಾತಗಳು ಕೊಡುವ ಸ್ಥಾನಗಳು ಬೇರೆಯಾದರೆ ಅದಕ್ಕೆ ಕಾರಣ ρ ಒಂದೇ. ಟ್ರೇನರ್ ಮಾಡುವುದಿಷ್ಟು: ಶಾರ್ಪ್ ಅಂಕಿಯನ್ನು ಸಹಸಂಬಂಧದಿಂದ ಭಾಗಿಸುತ್ತದೆ. ಯಾವ ಫಂಡ್ ಮಾರುಕಟ್ಟೆಯೊಂದಿಗೆ ಕಡಿಮೆ ಹೆಜ್ಜೆ ಹಾಕುತ್ತದೋ ಅದಕ್ಕೆ ಹೆಚ್ಚು ಬೋನಸ್ ಅಂಕ. ಆ ಬೋನಸ್ ಯಾವಾಗ ನ್ಯಾಯ, ಯಾವಾಗ ಅನ್ಯಾಯ ಎಂಬುದೇ ಇಲ್ಲಿನ ಮೊಕದ್ದಮೆ.

ಲೆಕ್ಕ ಸುಲಭವಾಗಲೆಂದು ಎರಡು ಕಾಲ್ಪನಿಕ ಫಂಡ್‌ಗಳನ್ನು ಇಟ್ಟುಕೊಳ್ಳೋಣ. ಮೊದಲನೆಯದು ನಿಫ್ಟಿ ಇಂಡೆಕ್ಸ್ ಫಂಡ್, ಎರಡನೆಯದು ಔಷಧ ಕಂಪನಿಗಳ ಷೇರುಗಳನ್ನಷ್ಟೇ ಕೊಳ್ಳುವ ಫಾರ್ಮಾ ಫಂಡ್. ಎರಡೂ ವರ್ಷಕ್ಕೆ ಸರಾಸರಿ ಶೇ 12.5 ಗಳಿಸಿವೆ. ಅಪಾಯವಿಲ್ಲದ ಬಡ್ಡಿ ಶೇ 6.5. ಹಾಗಾದರೆ ಎರಡರ ಹೆಚ್ಚುವರಿ ಗಳಿಕೆಯೂ ಶೇ 6. ಇಂಡೆಕ್ಸ್ ಫಂಡಿನ ಏರಿಳಿತ ಶೇ 15, ಫಾರ್ಮಾ ಫಂಡಿನದು ಶೇ 21. ಇವೆರಡರ ನಡುವಿನ ಸಹಸಂಬಂಧ 0.5.

ಶಾರ್ಪ್ ಪ್ರಕಾರ ಇಂಡೆಕ್ಸ್ ಫಂಡಿಗೆ 0.40, ಫಾರ್ಮಾ ಫಂಡಿಗೆ 0.29. ಗಳಿಕೆ ಅಷ್ಟೇ, ಏರಿಳಿತ ಹೆಚ್ಚು. ಎರಡನೆಯದು ಹಿಂದೆ ಬಿದ್ದದ್ದು ಸರಿ. ಈಗ ಟ್ರೇನರ್ ನೋಡಿ. ಇಂಡೆಕ್ಸ್ ಫಂಡಿನ ಬೀಟಾ 1, ಅದರ ಅಂಕ 6. ಫಾರ್ಮಾ ಫಂಡಿನ ಬೀಟಾ 0.5 × 21 / 15, ಎಂದರೆ 0.7, ಅದರ ಅಂಕ ಸುಮಾರು 8.6. ಒಂದು ರೂಪಾಯಿಯನ್ನೂ ಹೆಚ್ಚು ಗಳಿಸಿಕೊಡದ, ಆದರೆ ಒಂದೂವರೆ ಪಟ್ಟಿಗೆ ಹತ್ತಿರದಷ್ಟು ಕುಲುಕುವ ಫಂಡ್ ಇಲ್ಲಿ ಶೇ 40ಕ್ಕೂ ಹೆಚ್ಚು ಅಂತರದಿಂದ ಗೆದ್ದುಬಿಟ್ಟಿತು. ಬೀಟಾ 0.7 ಎಂಬುದನ್ನು ನೋಡಿದ ವಿತರಕ ಗ್ರಾಹಕನಿಗೆ "ಸರ್, ಇದು ಮಾರುಕಟ್ಟೆಗಿಂತ ಕಡಿಮೆ ರಿಸ್ಕ್" ಎಂದೂ ಹೇಳಿಬಿಡುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಕಲಿತದ್ದನ್ನು ಒಪ್ಪಿಸುತ್ತಿದ್ದಾನೆ. ಆದರೆ ಆ ಮಾತು ನಂಬಿ ತನ್ನ ಎಸ್‌ಐಪಿಯನ್ನೆಲ್ಲ ಆ ಫಂಡಿಗೆ ಬರೆದುಕೊಟ್ಟ ಶಾಲಾ ಶಿಕ್ಷಕಿಯ ಪಾಲಿಗೆ ಏರಿಳಿತ ಶೇ 21. ಮಾರುಕಟ್ಟೆಗೆ ಸಂಬಂಧಿಸಿದ ಪಾಲು, ಸಂಬಂಧಿಸದ ಪಾಲು ಎಂದು ಅವರ ಎನ್‌ಎವಿ ಎರಡು ಕಾಲಂಗಳಲ್ಲಿ ಇಳಿಯುವುದಿಲ್ಲ.

ಸಹಸಂಬಂಧ 0.5 ಆದರೆ ಅದರ ವರ್ಗ, ಎಂದರೆ ಆರ್-ಸ್ಕ್ವೇರ್ಡ್, 0.25. ಈ ಫಂಡಿನ ಏರಿಳಿತವನ್ನು ವರ್ಗದ ಲೆಕ್ಕದಲ್ಲಿ ಹಿಡಿದರೆ ಮಾರುಕಟ್ಟೆಯಿಂದ ಬಂದದ್ದು ಕಾಲು ಪಾಲು, ಔಷಧ ಉದ್ಯಮದ್ದೇ ಆದ ಕಾರಣಗಳಿಂದ ಬಂದದ್ದು ಮುಕ್ಕಾಲು ಪಾಲು. ಟ್ರೇನರ್ ಆ ಮುಕ್ಕಾಲು ಪಾಲನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಫಂಡಿನಲ್ಲಿ ಇಪ್ಪತ್ತೈದು ಕಂಪನಿಗಳಿವೆಯಲ್ಲ, ಅದು ಡೈವರ್ಸಿಫೈಡ್ ಅಲ್ಲವೆ ಎಂದು ಕೇಳಬಹುದು. ಇಪ್ಪತ್ತೈದೂ ಔಷಧ ಕಂಪನಿಗಳಾದರೆ ವಜಾ ಆಗುವುದು ಒಂದು ಕಂಪನಿಯ ಎಡವಟ್ಟು ಮಾತ್ರ, ಉದ್ಯಮಕ್ಕೇ ಬಂದ ಪೆಟ್ಟು ಹಾಗೇ ಉಳಿಯುತ್ತದೆ.

ಆ ಪೆಟ್ಟು ಹೇಗಿರುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. ನಿಫ್ಟಿ ಫಾರ್ಮಾ ಸೂಚ್ಯಂಕ 2015ರ ಏಪ್ರಿಲ್‌ನಲ್ಲಿ ತನ್ನ ಶಿಖರ ಮುಟ್ಟಿತ್ತು. ಆ ವರ್ಷದ ಕೊನೆಯಲ್ಲಿ ಅಮೆರಿಕದ ಔಷಧ ನಿಯಂತ್ರಕರಿಂದ ಡಾ. ರೆಡ್ಡೀಸ್‌ನ ಘಟಕಗಳಿಗೂ ಸನ್ ಫಾರ್ಮಾದ ಹಾಲೋಲ್ ಘಟಕಕ್ಕೂ ಎಚ್ಚರಿಕೆ ಪತ್ರಗಳು ಬಂದವು. ಹಿಂದೆಯೇ ಅಮೆರಿಕದಲ್ಲಿ ಜೆನೆರಿಕ್ ಔಷಧಗಳ ಬೆಲೆ ಕುಸಿಯತೊಡಗಿತು. ಅಲ್ಲಿನ ಮಾರಾಟವನ್ನೇ ನೆಚ್ಚಿದ್ದ ನಮ್ಮ ದೊಡ್ಡ ಔಷಧ ಕಂಪನಿಗಳೆಲ್ಲ ಒಟ್ಟಿಗೆ ಬಳಲಿದವು. 2015ರ ಏಪ್ರಿಲ್‌ನಲ್ಲಿ 8,500ರ ಆಸುಪಾಸಿನಲ್ಲಿದ್ದ ನಿಫ್ಟಿ 50 ಸೂಚ್ಯಂಕ 2019 ಮುಗಿಯುವ ಹೊತ್ತಿಗೆ 12,000 ದಾಟಿದ್ದರೆ, ಫಾರ್ಮಾ ಸೂಚ್ಯಂಕ ತನ್ನ ಶಿಖರಕ್ಕಿಂತ ಮೂರನೇ ಒಂದು ಪಾಲಿಗೂ ಹೆಚ್ಚು ಕೆಳಗಿತ್ತು. ಕೋವಿಡ್ ವರ್ಷದ ಜಿಗಿತ ಬಾರದಿದ್ದರೆ ಇನ್ನೆಷ್ಟು ಕಾಯಬೇಕಿತ್ತೋ. ಹಳೆಯ ಎತ್ತರ ಮರಳಿ ಕಾಣಲು ಸುಮಾರು ಆರು ವರ್ಷ ಹಿಡಿಯಿತು. ಮಗಳ ಕಾಲೇಜು ಶುಲ್ಕಕ್ಕೆಂದು 2015ರಲ್ಲಿ ಫಾರ್ಮಾ ಫಂಡಿನಲ್ಲಿ ಹಣವಿಟ್ಟು 2019ರಲ್ಲಿ ತೆಗೆಯಬೇಕಾಗಿ ಬಂದವರಿಗೆ "ನಿಮ್ಮದು ಡೈವರ್ಸಿಫೈ ಮಾಡಬಹುದಾಗಿದ್ದ ಅಪಾಯ, ಆದ್ದರಿಂದ ಅದು ಅಪಾಯವೇ ಅಲ್ಲ" ಎಂದು ಹೇಳುವ ಧೈರ್ಯ ಯಾರಿಗಿದೆ? ಬೀಟಾ ಲೆಕ್ಕ ಹೇಳುವುದು ಅದನ್ನೇ. ಇದರಲ್ಲಿ ಇನ್ನೊಂದು ಕೇಡಿದೆ. ಮಾರುಕಟ್ಟೆ ಏರುತ್ತಾ ಫಂಡ್ ಇಳಿಯುತ್ತಾ ಹೋದ ತಿಂಗಳುಗಳಲ್ಲಿ ಸಹಸಂಬಂಧ ಕುಗ್ಗುತ್ತದೆ, ಅದರೊಡನೆ ಬೀಟಾವೂ ಕುಗ್ಗುತ್ತದೆ. ಹಳೆಯ ಒಳ್ಳೆಯ ವರ್ಷದ ಗಳಿಕೆ ಇನ್ನೂ ಸರಾಸರಿಯಲ್ಲಿ ಕೂತಿರುವಷ್ಟು ಕಾಲ, ಹೂಡಿಕೆದಾರ ನೋವು ಉಣ್ಣುತ್ತಿರುವಾಗಲೇ ಅವನ ಫಂಡಿನ "ಅಪಾಯ" ಟ್ರೇನರ್ ಕಣ್ಣಿಗೆ ಕಡಿಮೆಯಾಗಿ ಕಾಣುತ್ತದೆ.

ಎದುರುವಾದ ಮಾಡುವವರ ಬಲವಾದ ಮಾತು ಬೇರೆಯಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಹೂಡಿಕೆದಾರನ ಹತ್ತಿರ ಆಗಲೇ ಇಂಡೆಕ್ಸ್ ಫಂಡ್ ಇದ್ದು, ಅದರ ಪಕ್ಕಕ್ಕೆ ಸ್ವಲ್ಪ ಫಾರ್ಮಾ ಸೇರಿಸುವುದಾದರೆ ಆಗ ಟ್ರೇನರ್ ಸರಿಯಾಗುತ್ತದೆಯಲ್ಲ ಎನ್ನುತ್ತಾರೆ. ಮಾರುಕಟ್ಟೆಯೊಂದಿಗೆ ಹೆಜ್ಜೆ ಹಾಕದ ಫಂಡ್ ಇಡೀ ಗಂಟಿನ ಏರಿಳಿತವನ್ನು ತಗ್ಗಿಸುತ್ತದೆ ಎಂಬುದು ನಿಜ. ಎಷ್ಟು ತಗ್ಗಿಸುತ್ತದೆ ಎಂದು ಅದೇ ಎರಡು ಫಂಡ್‌ಗಳಿಂದ ಲೆಕ್ಕ ಮಾಡಿ ನೋಡೋಣ.

ನೂರು ರೂಪಾಯಿಯಲ್ಲಿ 80 ಇಂಡೆಕ್ಸ್‌ಗೆ, 20 ಫಾರ್ಮಾಕ್ಕೆ ಹಾಕಿದರೆ ಗಳಿಕೆ ಅದೇ ಶೇ 12.5. ಒಟ್ಟು ಏರಿಳಿತ ಶೇ 15ರಿಂದ ಸುಮಾರು ಶೇ 14.6ಕ್ಕೆ ಇಳಿಯುತ್ತದೆ. ಶಾರ್ಪ್ 0.40 ಇದ್ದದ್ದು 0.41 ಆಗುತ್ತದೆ. ಈ ಅಂಕಿಗಳಲ್ಲಿ ಸಿಗಬಹುದಾದ ಗರಿಷ್ಠ ಲಾಭವೇ ಅಷ್ಟು. 20ರ ಬದಲು 38 ರೂಪಾಯಿ ಹಾಕಿದರೆ ಆ ಲಾಭವೂ ಬಹುತೇಕ ಕರಗಿಹೋಗಿ ಏರಿಳಿತ ಮತ್ತೆ ಶೇ 15ಕ್ಕೇ ಬಂದು ನಿಲ್ಲುತ್ತದೆ. ಅರ್ಧಕ್ಕರ್ಧ ಹಾಕಿದರೆ ಶೇ 15.7, ಫಾರ್ಮಾ ಸೇರಿಸಿದ್ದರಿಂದ ನಷ್ಟವೇ ಆಯಿತು. ಟ್ರೇನರ್ ಕೋಷ್ಟಕದಲ್ಲಿ 8.6 ಮತ್ತು 6 ಎಂದು ಅಷ್ಟು ದೊಡ್ಡದಾಗಿ ಕಂಡ ಅಂತರದ ಬೆಲೆ, ಅದು ಸರಿಯಾಗಿ ಅನ್ವಯವಾಗುವ ಜಾಗದಲ್ಲೂ, ಶಾರ್ಪ್‌ನ ಎರಡನೇ ದಶಮಾಂಶದಲ್ಲಿ ಒಂದು ಅಂಕ. ಅದೂ ಸೇರಿಸುವ ಪ್ರಮಾಣ ಹಿಡಿತದಲ್ಲಿದ್ದರೆ ಮಾತ್ರ. ಆ ಪ್ರಮಾಣ ಎಷ್ಟಿರಬೇಕು ಎಂಬುದನ್ನು ಟ್ರೇನರ್ ಅನುಪಾತ ಹೇಳುವುದೇ ಇಲ್ಲ.

ಹೇಳಿದ್ದು ಟ್ರೇನರ್ ಅವರೇ, ಆದರೆ ಬೇರೆ ಪ್ರಬಂಧದಲ್ಲಿ. 1973ರಲ್ಲಿ ಫಿಷರ್ ಬ್ಲ್ಯಾಕ್ ಜೊತೆಗೂಡಿ ಅವರು ಬರೆದದ್ದರಲ್ಲಿ ಇದಕ್ಕೆ ಉತ್ತರವಿದೆ. ಮಾರುಕಟ್ಟೆಯ ಗಂಟನ್ನು ಹಿಡಿದವನು ಇನ್ನೊಂದನ್ನು ಎಷ್ಟು ಸೇರಿಸಿಕೊಳ್ಳಬೇಕು ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ. ಬೀಟಾಕ್ಕೆ ತಕ್ಕ ಗಳಿಕೆಗಿಂತ ಅದು ಎಷ್ಟು ಹೆಚ್ಚು ಕೊಡುತ್ತದೆ ಎಂಬುದು ಮೊದಲನೆಯದು, ಅದೇ ಆಲ್ಫಾ. ಮಾರುಕಟ್ಟೆಗೆ ಸಂಬಂಧಿಸದ ಅದರ ಏರಿಳಿತ ಎಷ್ಟು ಎಂಬುದು ಎರಡನೆಯದು. ಅದರ ವರ್ಗ ಭಾಜಕದಲ್ಲಿ ಕೂರುತ್ತದೆ. ನಮ್ಮ ಫಾರ್ಮಾ ಫಂಡಿನ ಆಲ್ಫಾ ಶೇ 1.8, ಮಾರುಕಟ್ಟೆಗೆ ಸಂಬಂಧಿಸದ ಏರಿಳಿತ ಶೇ 18. ಇಷ್ಟು ಸಣ್ಣ ಆಲ್ಫಾಗೆ ಅಷ್ಟು ದೊಡ್ಡ ಏರಿಳಿತ, ಅದಕ್ಕೇ ಪಾಲು ಶೇ 20ಕ್ಕಿಂತ ತುಸು ಕೆಳಗೆ ನಿಂತುಬಿಡುತ್ತದೆ. ಟ್ರೇನರ್ ಅನುಪಾತ ಬಾಗಿಲಾಚೆ ನಿಲ್ಲಿಸಿದ್ದ ಅಪಾಯವನ್ನು ಟ್ರೇನರ್ ಅವರೇ ಒಳಗೆ ಕರೆದು ಭಾಜಕದಲ್ಲಿ ಕೂರಿಸಿದ್ದಾರೆ. 1965ರ ಪ್ರಬಂಧವನ್ನು ಕಲಿಸಿ 1973ರದ್ದನ್ನು ಬಿಟ್ಟುಬಿಡುವ ಪಠ್ಯಕ್ರಮ ಅವರಿಗೇ ಅನ್ಯಾಯ ಮಾಡುತ್ತಿದೆ.

ಇನ್ನೊಂದು ವಾದ ಶಾರ್ಪ್ ಅವರ ಕೈಯಿಂದಲೇ ಬಂದದ್ದು. 1966ರ ಪ್ರಬಂಧದಲ್ಲಿ ಅವರು 34 ಫಂಡ್‌ಗಳ 1954ರಿಂದ 1963ರವರೆಗಿನ ಲೆಕ್ಕ ನೋಡಿದರು. ಡೌ ಜೋನ್ಸ್ ಸರಾಸರಿಯನ್ನು ಶಾರ್ಪ್ ಅಂಕದಲ್ಲಿ ಮೀರಿಸಿದವು 11 ಮಾತ್ರ. ಅದೇ ಫಂಡ್‌ಗಳನ್ನು ಟ್ರೇನರ್ ವಿಧಾನದಲ್ಲೂ ಅಳೆದು, ನಡೆದದ್ದನ್ನು ಅಳೆಯಲು ಟ್ರೇನರ್ ಕಡಿಮೆ ಯೋಗ್ಯ, ಆದರೆ ಮುಂದಾಗುವುದನ್ನು ಊಹಿಸಲು ಅದೇ ಹೆಚ್ಚು ಯೋಗ್ಯವಾಗಬಹುದು ಎಂಬ ಅಭಿಪ್ರಾಯ ಕೊಟ್ಟರು. ಮಾರುಕಟ್ಟೆಗೆ ಸಂಬಂಧಿಸದ ಏರಿಳಿತ ಆಕಸ್ಮಿಕವಾದದ್ದು, ಮುಂದಿನ ವರ್ಷ ಅದು ಇರಬೇಕೆಂದೇನಿಲ್ಲ ಎಂಬುದು ಅದರ ಹಿಂದಿನ ತರ್ಕ. ಈ ತರ್ಕಕ್ಕೆ ನಾನು ಗೌರವ ಕೊಡುತ್ತೇನೆ, ಆದರೆ ಅದು ಯಾವ ನೆಲದ ಮೇಲೆ ನಿಂತಿದೆ ಎಂದು ನೋಡಬೇಕು. ಆ 34 ಫಂಡ್‌ಗಳು ತಮ್ಮ ಹಣವನ್ನು ವಿಶಾಲವಾಗಿ ಹಂಚಿ ಹೂಡಿದ್ದವು. ಎರಡೂ ಅಳತೆಗಳು ಅವಕ್ಕೆ ಕೊಟ್ಟ ಸ್ಥಾನಗಳು ಬಹುತೇಕ ಒಂದೇ ಆಗಿದ್ದವು. ಅಂಥ ಫಂಡ್‌ಗಳ ನಡುವೆ ಯಾವ ಅನುಪಾತ ಹಿಡಿದರೂ ಹೆಚ್ಚು ವ್ಯತ್ಯಾಸವಾಗದು. ನಮ್ಮ ಸಂದರ್ಭದಲ್ಲಿ ಎರಡೂ ಬೇರೆ ದಿಕ್ಕಿಗೆ ಎಳೆಯುವುದು ಫಾರ್ಮಾ, ಐಟಿ, ಎಫ್‌ಎಂಸಿಜಿ, ಬ್ಯಾಂಕಿಂಗ್ ಎಂಬ ವಲಯ ಫಂಡ್‌ಗಳಲ್ಲಿ. ಅಲ್ಲಿ ಮಾರುಕಟ್ಟೆಗೆ ಸಂಬಂಧಿಸದ ಏರಿಳಿತ ಆಕಸ್ಮಿಕವಲ್ಲ. ವಲಯ ಫಂಡ್ ತನ್ನ ಹಣದಲ್ಲಿ ಕನಿಷ್ಠ ಶೇ 80ನ್ನು ಆ ವಲಯದಲ್ಲೇ ಇಟ್ಟಿರಬೇಕು ಎಂದು 2017ರ ಸೆಬಿ ವರ್ಗೀಕರಣ ವಿಧಿಸಿದೆ. ಮ್ಯಾನೇಜರ್ ಬದಲಾದರೂ ಆ ಅಪಾಯ ಬದಲಾಗುವುದಿಲ್ಲ. ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಅದು ಅಲ್ಲೇ ಇರುತ್ತದೆ.

ಬೀಟಾದ ಭರವಸೆಯೂ ಅಷ್ಟು ಗಟ್ಟಿಯಲ್ಲ. ನಮ್ಮಲ್ಲಿ ಈ ಅಂಕಿಗಳನ್ನು ಸಾಮಾನ್ಯವಾಗಿ ಮೂರು ವರ್ಷದ, ಎಂದರೆ 36 ತಿಂಗಳ ಗಳಿಕೆಯಿಂದ ತೆಗೆಯುತ್ತಾರೆ. ಸಹಸಂಬಂಧ 0.5 ಇರುವ ಫಂಡಿನಲ್ಲಿ, 36 ಬಿಂದುಗಳಿಂದ ಬಂದ 0.7 ಎಂಬ ಬೀಟಾದ ಅಂದಾಜಿಗೆ ಸುಮಾರು 0.2ರ ಸಂಖ್ಯಾಶಾಸ್ತ್ರೀಯ ದೋಷ ಅಂಟಿಕೊಂಡಿರುತ್ತದೆ. ನಿಜವಾದ ಬೀಟಾ 0.3ರಿಂದ 1.1ರ ನಡುವೆ ಎಲ್ಲಿಯಾದರೂ ಇರಬಹುದು ಎಂದಷ್ಟೇ ಪ್ರಾಮಾಣಿಕವಾಗಿ ಹೇಳಲು ಸಾಧ್ಯ. 0.3 ಆದರೆ ಟ್ರೇನರ್ ಅಂಕ 20, 1.1 ಆದರೆ 5.5. ಒಂದು ತುದಿಯಲ್ಲಿ ಫಂಡ್ ಅದ್ಭುತ, ಇನ್ನೊಂದು ತುದಿಯಲ್ಲಿ ಇಂಡೆಕ್ಸ್‌ಗಿಂತ ಕಳಪೆ. ಅದೇ 36 ತಿಂಗಳುಗಳಿಂದ ತೆಗೆದ ಸ್ಟ್ಯಾಂಡರ್ಡ್ ಡೀವಿಯೇಷನ್ 21ರ ದೋಷ ಅಷ್ಟು ಕೆಟ್ಟದ್ದಲ್ಲ. 16ರಿಂದ 26ರ ನಡುವೆ ನಿಲ್ಲುತ್ತದೆ. ಮೇಲಿನ ಗಳಿಕೆಯ ಅಂಕಿಯಲ್ಲಿರುವ ಅನಿಶ್ಚಯ ಎರಡೂ ಅನುಪಾತಗಳಿಗೆ ಸಮಾನ. ಕೆಳಗಿನ ಅಂಕಿಯಲ್ಲಿ ಟ್ರೇನರ್ ಹೆಚ್ಚು ಅಲುಗುತ್ತದೆ, ಅದೂ ಸಹಸಂಬಂಧ ಕಡಿಮೆ ಇರುವಲ್ಲಿ, ಎಂದರೆ ಅದು ಶಾರ್ಪ್‌ಗಿಂತ ಬೇರೆ ತೀರ್ಪು ಕೊಡುವ ಕಡೆಯಲ್ಲೇ.

ಮೇಲಾಗಿ ಬೀಟಾ ಯಾವುದರೆದುರು? ಫ್ಯಾಕ್ಟ್‌ಶೀಟ್‌ನಲ್ಲಿ ಅಚ್ಚಾಗುವ ಬೀಟಾ ಆ ಸ್ಕೀಮಿನ ಸ್ವಂತ ಬೆಂಚ್‌ಮಾರ್ಕ್ ಎದುರು ಕಟ್ಟಿದ್ದು. ಫಾರ್ಮಾ ಫಂಡಿಗೆ ಫಾರ್ಮಾ ಅಥವಾ ಹೆಲ್ತ್‌ಕೇರ್ ಸೂಚ್ಯಂಕ, ಮಿಡ್‌ಕ್ಯಾಪ್ ಫಂಡಿಗೆ ಮಿಡ್‌ಕ್ಯಾಪ್ ಸೂಚ್ಯಂಕ. ಆ ಬೀಟಾಗಳನ್ನು ಒಂದೇ ಕೋಷ್ಟಕಕ್ಕೆ ಎತ್ತಿಕೊಂಡು ಟ್ರೇನರ್ ಕಟ್ಟಿದರೆ, ಪ್ರತಿ ಸಾಲನ್ನೂ ಬೇರೆ ಬೇರೆ ಅಳತೆಗೋಲಿನಿಂದ ಅಳೆದು ಎತ್ತರ ಹೋಲಿಸಿದಂತಾಯಿತು. ಎಲ್ಲಕ್ಕೂ ನಿಫ್ಟಿ 50 ಹಿಡಿದರೆ ಒಂದು ಸ್ಥಾನ, ನಿಫ್ಟಿ 500 ಹಿಡಿದರೆ ಇನ್ನೊಂದು. ಸೂಚ್ಯಂಕದ ಆಯ್ಕೆ ಬದಲಾದರೆ ತೀರ್ಪೇ ಬದಲಾಗಬಹುದು, ನಿಜವಾದ "ಮಾರುಕಟ್ಟೆ"ಯನ್ನು ಯಾರೂ ಅಳೆದಿಲ್ಲ ಎಂದು ರಿಚರ್ಡ್ ರೋಲ್ 1977ರಲ್ಲೇ ತಕರಾರು ಎತ್ತಿದ್ದರು. ಶಾರ್ಪ್ ಅನುಪಾತಕ್ಕೆ ಯಾವ ಸೂಚ್ಯಂಕದ ಹಂಗೂ ಇಲ್ಲ. ಹಾಗಾಗಿ ಟ್ರೇನರ್ ಅಂಕವೊಂದನ್ನು ಯಾರಾದರೂ ಮುಂದಿಟ್ಟರೆ ಮೊದಲು ಕೇಳಬೇಕಾದದ್ದು ಬೀಟಾವನ್ನು ಯಾವ ಸೂಚ್ಯಂಕದೆದುರು ತೆಗೆದಿರಿ, ಆರ್-ಸ್ಕ್ವೇರ್ಡ್ ಎಷ್ಟು ಎಂದು. ಆರ್-ಸ್ಕ್ವೇರ್ಡ್ 0.9ರ ಆಸುಪಾಸಿನಲ್ಲಿದ್ದರೆ ಟ್ರೇನರ್ ಹೇಳುವುದನ್ನೇ ಶಾರ್ಪ್ ಕೂಡ ಬಹುಮಟ್ಟಿಗೆ ಹೇಳುತ್ತದೆ, 0.5ಕ್ಕಿಂತ ಕೆಳಗಿದ್ದರೆ ಆ ಟ್ರೇನರ್ ಅಂಕವನ್ನು ಬದಿಗಿಡುವುದು ಒಳ್ಳೆಯದು.

ಶಾರ್ಪ್ ಅನುಪಾತ ದೋಷವಿಲ್ಲದ್ದೆಂದು ನಾನು ಹೇಳುತ್ತಿಲ್ಲ. ಗಳಿಕೆ ಬಡ್ಡಿಗಿಂತ ಕೆಳಗಿಳಿದ ಅವಧಿಯಲ್ಲಿ ಅದು ತಲೆಕೆಳಗಾಗುತ್ತದೆ, ಹೆಚ್ಚು ಕುಲುಕಿದ ಫಂಡೇ ಮೇಲೆ ಬರುತ್ತದೆ. ಈ ದೋಷ ಟ್ರೇನರ್‌ಗೂ ಇದೆ. ದಿನದಿನವೂ ಬೆಲೆ ಕಾಣದ ಸಾಲಪತ್ರಗಳನ್ನು ಹಿಡಿದ ಡೆಟ್ ಫಂಡ್‌ಗಳ ಎನ್‌ಎವಿ ನುಣ್ಣಗೆ ಏರುತ್ತಿರುತ್ತದೆ, ಶಾರ್ಪ್ ಅಂಕ ಸೊಗಸಾಗಿರುತ್ತದೆ. 2018ರಲ್ಲಿ ಐಎಲ್ ಅಂಡ್ ಎಫ್‌ಎಸ್ ಸಾಲ ತೀರಿಸದೆ ಹೋದಾಗ ಅಂಥ ಪತ್ರ ಹಿಡಿದವರ ಎನ್‌ಎವಿ ಒಂದೇಟಿಗೆ ಕುಸಿಯಿತು. ಅಂಥ ಅಪಾಯವನ್ನು ಹಿಂದಿನ ಏರಿಳಿತ ಮುಂಚಿತವಾಗಿ ತೋರಿಸಲಾರದು. ಆದರೆ ಷೇರು ಫಂಡ್‌ಗಳ ಆಯ್ಕೆಯಲ್ಲಿ ಎರಡು ಅಳತೆಗಳ ನಡುವೆ ಒಂದನ್ನು ಹಿಡಿಯಬೇಕಾದಾಗ, ಹೂಡಿಕೆದಾರ ನಿಜವಾಗಿ ಅನುಭವಿಸಿದ ಏರಿಳಿತವನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯುವುದು ಶಾರ್ಪ್ ಒಂದೇ.

"ನಿಮ್ಮ ಹತ್ತಿರ ಇನ್ನೇನಿದೆ?" ಎಂಬ ಪ್ರಶ್ನೆಯನ್ನು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಗೆ ಕೇಳಿ ನೋಡಿ. ಸಂಬಳ ಐಟಿ ಕಂಪನಿಯದ್ದು. ಕಂಪನಿ ಕೊಟ್ಟ ಷೇರುಗಳು ಅದರದ್ದೇ. ಕೊಂಡ ಫ್ಲ್ಯಾಟ್ ಹೊರವರ್ತುಲ ರಸ್ತೆಯಲ್ಲಿ. ಅದರ ಬಾಡಿಗೆಯೂ ಬೆಲೆಯೂ ಸುತ್ತಲಿನ ಟೆಕ್ ಪಾರ್ಕ್‌ಗಳ ಮೇಲೆ ನಿಂತಿವೆ. ತನಗೆ ತಿಳಿದ ಉದ್ಯಮವೆಂದು ಕೊಂಡದ್ದು ಐಟಿ ಫಂಡ್. ಈತನ ಹತ್ತಿರ ಉಳಿದಂತೆ ಇರುವುದು ಮಾರುಕಟ್ಟೆಯ ಗಂಟಲ್ಲ, ಅದೇ ಉದ್ಯಮದ ಇನ್ನಷ್ಟು ಪಾಲು. ಆ ಫಂಡಿನ ಒಟ್ಟು ಏರಿಳಿತವನ್ನು ಹಿಡಿದ ಶಾರ್ಪ್ ಕೂಡ ಈತನಿಗೆ ಅಪಾಯವನ್ನು ಕಡಿಮೆ ಮಾಡಿಯೇ ಹೇಳುತ್ತದೆ. ಬೀಟಾ ಅಂತೂ ಅದರಲ್ಲಿ ಬಹುಪಾಲನ್ನು ಅಳಿಸಿಹಾಕುತ್ತದೆ. 2022ರಲ್ಲಿ ನಿಫ್ಟಿ 50 ಶೇ 4ರಷ್ಟು ಏರಿತು, ನಿಫ್ಟಿ ಐಟಿ ಶೇ 26ರ ಆಸುಪಾಸು ಕುಸಿಯಿತು. ಅದರ ಬೆನ್ನಿಗೇ ನೇಮಕಾತಿ ತಣ್ಣಗಾಯಿತು. ಮಾರುಕಟ್ಟೆ ಬಿದ್ದಿರಲಿಲ್ಲವಾದ್ದರಿಂದ, ಆ ಕುಸಿತದಲ್ಲಿ ಬೀಟಾದ ಲೆಕ್ಕಕ್ಕೆ ಬರುವ ಪಾಲು ಇಲ್ಲವೆನ್ನುವಷ್ಟು ಕಡಿಮೆ.